ಮಸ್ದರನ್ನು ಊಹಿಸಬಾರದೇ? ಆಕ್ಷೇಪಿಸಿದವರಿಗೆ ಉತ್ತರ

ಅರಬಿ ಕಲಿಸುವವರ ನಡುವೆ ಒಂದು ಹಳೇ ಜಗಳವಿದೆ. ಮೂರಕ್ಷರದ ಮೂಲ ಧಾತುವಿನಿಂದ ಮಸ್ದರ್ ಹುಟ್ಟುವ ಬಗೆಯನ್ನು ಮಕ್ಕಳಿಗೆ ಕಲಿಸಬಹುದೇ, ಅಥವಾ ಒಂದೊಂದನ್ನೂ ಉರು ಹೊಡೆಸಬೇಕೇ ಎಂಬುದು ಆ ಜಗಳ. ಮಸ್ದರ್ ಎಂದರೆ ನಮ್ಮ ವ್ಯಾಕರಣದ ಕೃದಂತ ಭಾವನಾಮವೇ. 'ಓಡು' ಎಂಬುದರಿಂದ 'ಓಟ' ಬಂದಂತೆ ಅರಬಿಯಲ್ಲಿ 'ಖರಜ' (ಹೊರಟ) ಎಂಬುದರಿಂದ 'ಖುರೂಜ್' (ಹೊರಡುವಿಕೆ) ಬರುತ್ತದೆ. ಮೂರಕ್ಷರಕ್ಕಿಂತ ಉದ್ದದ, ಕಟ್ಟಿಸಿಕೊಂಡ ಧಾತುಗಳಲ್ಲಿ ಈ ತಾಪತ್ರಯವಿಲ್ಲ, ಅಲ್ಲಿ ಮಸ್ದರ್ ಹೆಚ್ಚುಕಡಿಮೆ ಸೂತ್ರದಂತೆ ಬರುತ್ತದೆ. ಮೂರಕ್ಷರದ ಬರಿಯ ಧಾತುವಿಗೆ ಮಾತ್ರ ವ್ಯಾಕರಣಕಾರರು ನಲವತ್ತಕ್ಕೂ ಹೆಚ್ಚು ಅಚ್ಚುಗಳನ್ನು ಪಟ್ಟಿ ಮಾಡಿದ್ದಾರೆ.

ಕೊಚ್ಚಿಯಲ್ಲಿ ಗಲ್ಫಿಗೆ ಹೊರಟ ನರ್ಸುಗಳಿಗೆ, ತಿರುವನಂತಪುರದಲ್ಲಿ ಅರಬಿ ಎಂ.ಎ. ಓದುವವರಿಗೆ ಪಾಠ ಹೇಳುವಾಗ ನಾನು ಊಹೆಯ ದಾರಿಯನ್ನೇ ಮೊದಲು ತೋರಿಸುತ್ತೇನೆ. ಈ ಬಗ್ಗೆ ದರ್ಸ್‌ಗಳಲ್ಲಿ ಓದಿ ಬಂದ ಹಿರಿಯ ಉಸ್ತಾದರೂ ನನ್ನ ಜತೆ ಕಲಿಸುವ ಮಾಷ್‌ಗಳೂ ತೆಗೆದ ಆಕ್ಷೇಪಗಳು ಹಲವು. ಮಂಜೇಶ್ವರ, ಉಪ್ಪಳ ಕಡೆಯ ಕನ್ನಡದ ಹುಡುಗರು ಅವೇ ಪ್ರಶ್ನೆಗಳನ್ನು ಹೊತ್ತು ಬರುತ್ತಿರುವುದರಿಂದ ಉತ್ತರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅರಬಿ ವ್ಯಾಕರಣದಲ್ಲಿ ಫಾ, ಐನ್, ಲಾಮ್ ಎಂಬ ಮೂರು ಅಕ್ಷರ ಸೇರಿಸಿ ಅಚ್ಚಿಗೆ ಹೆಸರಿಡುತ್ತಾರೆ. ಕನ್ನಡ ಲಿಪಿಯಲ್ಲಿ ಅದು ಓದಲಾಗದ ಗೋಜಲಾಗುವುದರಿಂದ ಒಂದೊಂದು ಅಚ್ಚನ್ನೂ ಅದರ ಒಂದು ಪದದ ಹೆಸರಿನಲ್ಲೇ ಕರೆಯುತ್ತೇನೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಉಸ್ತಾದರದ್ದು. "ಮೂರಕ್ಷರದ ಮಸ್ದರ್ ಸಮಾಈ. ಅರಬರಿಂದ ಕೇಳಿದ್ದಷ್ಟೇ ಸರಿ, ಅದರಲ್ಲಿ ಖಿಯಾಸ್ ನಡೆಯದು. ಅಲ್ಫಿಯ್ಯ ಓದಿದ ನೀವೇ ಹೀಗೆ ಹೇಳಬಹುದೇ?" ಎನ್ನುತ್ತಾರೆ. ಸಮಾಈ ಎಂದರೆ ಕೇಳಿಕೆಯಿಂದ ಬಂದದ್ದು, ಖಿಯಾಸ್ ಎಂದರೆ ಹೋಲಿಕೆಯಿಂದ ಕಟ್ಟಿದ್ದು. ಅಲ್ಫಿಯ್ಯ ಕೇರಳದ ಪಳ್ಳಿ ದರ್ಸ್‌ಗಳಲ್ಲಿ ಮೀಸಾನ್, ಸಂಜಾನ್‌ಗಳ ಬಳಿಕ ಓದಿಸುವ ದೊಡ್ಡ ವ್ಯಾಕರಣ. ಸ್ಪೇನಿನಲ್ಲಿ ಹುಟ್ಟಿ 1274ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಮಾಲಿಕ್ ಅದನ್ನು ಪದ್ಯದಲ್ಲಿ ಬರೆದರು.

ಅದೇ ಅಲ್ಫಿಯ್ಯದಲ್ಲಿ ಮಸ್ದರ್‌ಗಳ ಅಧ್ಯಾಯ ಶುರುವಾಗುವುದು ಹೇಗೆ ಎಂಬುದನ್ನು ಉಸ್ತಾದರು ಒಮ್ಮೆ ನೆನಪಿಸಿಕೊಳ್ಳಲಿ. ಮೊದಲ ಸಾಲಲ್ಲೇ ಖಿಯಾಸ್ ಎಂಬ ಪದವಿದೆ. ಸಕರ್ಮಕವಾದ ಮೂರಕ್ಷರದ ಧಾತುವಿಗೆ ಇಂಥ ಅಚ್ಚು ಎಂದು ಹೇಳಿ, ಅಕರ್ಮಕಕ್ಕೆ ಇಂಥದ್ದು, ರೋಗಕ್ಕೆ ಇಂಥದ್ದು, ಸದ್ದಿಗೆ ಇಂಥದ್ದು ಎಂದು ಸಾಲಾಗಿ ಹೇಳುತ್ತಾ ಹೋಗಿ, ಕೊನೆಗೆ ಇವಕ್ಕೆ ಹೊರತಾಗಿ ಬಂದದ್ದು ಕೇಳಿಕೆಗೆ ಸೇರಿದ್ದು ಎಂದು 'ಸುಖ್ತ್' (ಮುನಿಸು), 'ರಿದಾ' (ಒಪ್ಪಿಗೆ) ಎಂಬ ಎರಡು ಉದಾಹರಣೆ ಕೊಡುತ್ತಾರೆ. ಅಂದರೆ ಕೇಳಿಕೆಯ ಮಾತು ಬರುವುದು ಮೂರಕ್ಷರದ ಭಾಗದ ಬಾಲದಲ್ಲಿ, ಹೊರತುಗಳಿಗಾಗಿ. ಬಾಲವನ್ನು ಹಿಡಿದು ಇದೇ ಇಡೀ ಭಾಗ ಎನ್ನುವುದು ಸರಿಯಲ್ಲ.

ಇಬ್ನ್ ಮಾಲಿಕ್‌ಗಿಂತ ನಾನೂರು ವರ್ಷಕ್ಕೂ ಮುಂಚೆ, 822ರಲ್ಲಿ ತೀರಿಕೊಂಡ ಕೂಫಾದ ಅಲ್-ಫರ್ರಾ ಇನ್ನೂ ನೇರವಾಗಿ ಮಾತಾಡಿದ್ದಾರೆ. ನಡುವಿನ ಅಕ್ಷರಕ್ಕೆ 'ಅ' ಸ್ವರವಿರುವ ಧಾತು ಸಿಕ್ಕಿ, ಅದರ ಮಸ್ದರ್ ಎಲ್ಲೂ ಕೇಳಿಬರದಿದ್ದರೆ ಏನು ಮಾಡಬೇಕು? ಹಿಜಾಝಿನವರ ರೂಢಿಯಂತಾದರೆ 'ಫತ್ಹ್' ಅಚ್ಚು, ನಜ್ದಿನವರ ರೂಢಿಯಂತಾದರೆ 'ಖುರೂಜ್' ಅಚ್ಚು ಹಾಕು ಎಂಬ ಅವರ ಮಾತನ್ನು ಮುಂದಿನ ವ್ಯಾಕರಣಕಾರರು ಉಳಿಸಿದ್ದಾರೆ. ಗೊತ್ತಿಲ್ಲದ ಮಸ್ದರನ್ನು ಊಹಿಸುವ ಕ್ರಮ ಅರಬಿಯವರಿಗೇ ಬೇಕಾಗಿತ್ತು. ನಮ್ಮ ಕೊಚ್ಚಿಯ ಹುಡುಗಿಯರಿಗೆ ಅದು ನಿಷಿದ್ಧ ಎನ್ನುವುದಕ್ಕೆ ಯಾವ ಗ್ರಂಥದ ಆಧಾರವೂ ಇಲ್ಲ.

ಆಧುನಿಕ ಕಾಲದ ಆಧಾರವೇ ಬೇಕು ಎನ್ನುವವರಿಗೂ ಒಂದಿದೆ. 1932ರಲ್ಲಿ ಸ್ಥಾಪನೆಯಾದ ಕೈರೋದ ಅರಬಿ ಭಾಷಾ ಅಕಾಡೆಮಿ ತನ್ನ ಮೊದಮೊದಲ ನಿರ್ಣಯಗಳಲ್ಲೇ ಕೆಲವು ಅಚ್ಚುಗಳನ್ನು ಖಿಯಾಸೀ ಎಂದು ಒಪ್ಪಿತು. ಕಸುಬಿಗೆ 'ಝಿರಾಅತ್' ಅಚ್ಚು, ರೋಗಕ್ಕೆ 'ಝುಕಾಮ್' ಅಚ್ಚು, ಅಲುಗಾಟ ಕುದಿತಗಳಿಗೆ 'ಗಲಯಾನ್' ಅಚ್ಚು, ಕೇಳಿದ ಮಸ್ದರ್ ಇಲ್ಲದ ಸದ್ದಿನ ಧಾತುಗಳಿಗೆ 'ಝುಕಾಮ್' ಇಲ್ಲವೇ 'ಸಹೀಲ್' ಅಚ್ಚು. ಹೊಸ ವಿದ್ಯೆ, ಹೊಸ ಕಸುಬುಗಳಿಗೆ ಹೆಸರು ಬೇಕಾಗಿದ್ದ ಕಾಲ ಅದು. ಹೊಸ ಪದ ಕಟ್ಟಲು ಆದೀತು ಎಂದು ಪಂಡಿತರು ಒಪ್ಪಿದ ಅಚ್ಚು, ಹಳೇ ಪದ ಊಹಿಸಲು ಯಾಕೆ ಆಗಬಾರದು?

ಎರಡನೆಯ ಆಕ್ಷೇಪ ಕಲಿಸುವವರದ್ದು: "ಹೊರತುಗಳು ಎಷ್ಟಿವೆ ಎಂದರೆ ನಿಯಮವೇ ಹೊರತಾಗಿದೆ." ಇದಕ್ಕೆ ಉತ್ತರಿಸುವ ಮುಂಚೆ ನಾನು ಪಾಠದಲ್ಲಿ ಏನು ಹೇಳುತ್ತೇನೆ ಎಂಬುದನ್ನು ಪೂರ್ತಿ ಹೇಳಿಬಿಡುವುದು ಒಳ್ಳೆಯದು. ಆಕ್ಷೇಪಿಸುವವರಲ್ಲಿ ಅರ್ಧ ಮಂದಿ ಅದನ್ನು ಕೇಳಿಲ್ಲ.

ಧಾತು ಕಂಡ ಕೂಡಲೇ ಮೊದಲು ಕೇಳಬೇಕಾದದ್ದು ಅರ್ಥದ ಪ್ರಶ್ನೆ. ಇದು ರೋಗವೇ, ಸದ್ದೇ, ಕಸುಬೇ, ಕುದಿತವೇ? ರೋಗವಾದರೆ 'ಝುಕಾಮ್' (ನೆಗಡಿ) ಅಚ್ಚು: ಮೊದಲಕ್ಷರಕ್ಕೆ 'ಉ', ಎರಡನೆಯದಕ್ಕೆ ದೀರ್ಘ 'ಆ'. ಸುಆಲ್ (ಕೆಮ್ಮು), ಸುದಾಅ್ (ತಲೆನೋವು), ರುಆಫ್ (ಮೂಗಿನಿಂದ ರಕ್ತ), ಉತಾಸ್ (ಸೀನು) ಎಲ್ಲವೂ ಹೀಗೇ. ಸದ್ದಾದರೂ ಇದೇ ಅಚ್ಚು, ಇಲ್ಲವೇ 'ಸಹೀಲ್' (ಕುದುರೆಯ ಕೆನೆತ) ಅಚ್ಚು. ನಾಯಿಯ ಬೊಗಳು ನುಬಾಹ್, ಚೀರಾಟ ಸುರಾಖ್, ಅಳು ಬುಕಾ, ಕತ್ತೆಯ ಅರಚು ನಹೀಕ್, ಸಿಂಹದ ಗರ್ಜನೆ ಝಈರ್. ದುಆ ಎಂಬ ನಮಗೆಲ್ಲ ಗೊತ್ತಿರುವ ಪದವೂ ಕರೆಯುವ ಸದ್ದಿನ ಇದೇ ಅಚ್ಚಿನದು. ಕಸುಬು, ಅಧಿಕಾರವಾದರೆ 'ಝಿರಾಅತ್' (ಬೇಸಾಯ) ಅಚ್ಚು: ತಿಜಾರತ್ (ವ್ಯಾಪಾರ), ನಿಜಾರತ್ (ಬಡಗಿ ಕೆಲಸ), ಖಿಯಾತತ್ (ಹೊಲಿಗೆ), ಖಿಲಾಫತ್. ಕುದಿತ, ಸುತ್ತಾಟ, ಮಿಡಿತವಾದರೆ 'ಗಲಯಾನ್' (ಕುದಿತ) ಅಚ್ಚು: ತಯರಾನ್ (ಹಾರಾಟ), ದವರಾನ್ (ಸುತ್ತುವಿಕೆ), ಫಯದಾನ್ (ನೆರೆ). 2018ರ ಮಳೆಗಾಲ ಕಂಡ ಕೇರಳದವರಿಗೆ ಈ ಕೊನೆಯ ಪದವನ್ನು ನಾನು ಎರಡು ಸಲ ಹೇಳಬೇಕಾಗಿ ಬಂದಿಲ್ಲ.

ಅರ್ಥದಿಂದ ಸುಳಿವು ಸಿಗದಿದ್ದರೆ ನಡುವಿನ ಅಕ್ಷರದ ಸ್ವರ ನೋಡಬೇಕು. ಅಲ್ಲಿ 'ಉ' ಇದ್ದರೆ ಧಾತು ಗುಣ ಹೇಳುತ್ತದೆ. ಆಗ ಮಸ್ದರ್ 'ಸುಹೂಲತ್' (ಸುಲಭತೆ) ಇಲ್ಲವೇ 'ಶಜಾಅತ್' (ಧೈರ್ಯ) ಅಚ್ಚಿಗೆ ಹೋಗುತ್ತದೆ. ಅಲ್ಲಿ 'ಇ' ಇದ್ದು ಧಾತು ಅಕರ್ಮಕವಾದರೆ 'ಫರಹ್' (ಸಂತೋಷ) ಅಚ್ಚು: ತಅಬ್ (ದಣಿವು), ಗದಬ್ (ಕೋಪ), ಅತಶ್ (ಬಾಯಾರಿಕೆ). ಉಳಿದವುಗಳಲ್ಲಿ ಸಕರ್ಮಕ ಎಲ್ಲ 'ಫತ್ಹ್' (ತೆರೆಯುವಿಕೆ) ಅಚ್ಚಿಗೆ, ಅಕರ್ಮಕ ಎಲ್ಲ 'ಖುರೂಜ್' ಅಚ್ಚಿಗೆ. ಇಷ್ಟೇ ದಾರಿ. ನಲವತ್ತು ಅಚ್ಚುಗಳಲ್ಲಿ ಕಲಿಯುವವನ ತಲೆಯಲ್ಲಿ ಇರಬೇಕಾದದ್ದು ಒಂಬತ್ತೇ.

ಈಗ ಹೊರತುಗಳ ಮಾತು. ಇವೆ, ಮತ್ತು ಅವು ಇರುವುದು ದಿನಬಳಕೆಯ ಪದಗಳಲ್ಲೇ. 'ಅಲಿಮ' (ತಿಳಿದ) ಸಕರ್ಮಕವಾದರೂ ಅದರ ಮಸ್ದರ್ ಇಲ್ಮ್. 'ಶರಿಬ' (ಕುಡಿದ) ಎಂಬುದರದ್ದು ಶುರ್ಬ್. 'ಝಹಬ' (ಹೋದ) ಎಂಬುದು ಝುಹೂಬ್ ಆಗುವುದರ ಬದಲು ಸಾಮಾನ್ಯವಾಗಿ ಝಹಾಬ್ ಎಂದೇ ಬಳಕೆಯಲ್ಲಿದೆ. 'ಅಮಿಲ' (ಮಾಡಿದ) ಎಂಬುದರದ್ದು ಅಮಲ್. ಇವನ್ನು ನಾನು ಊಹಿಸಲು ಬಿಡುವುದಿಲ್ಲ, ಉರು ಹೊಡೆಸುತ್ತೇನೆ. ಅದರಿಂದ ನನ್ನ ದಾರಿಗೆ ಧಕ್ಕೆ ಏನು? ಬಾಯಲ್ಲಿ ದಿನಾ ಉರುಳುವ ಪದವೇ ಹೊರತಾಗಿ ಉಳಿಯಬಲ್ಲದು, ಅಪರೂಪದ ಪದ ನಿಯಮದ ಕಡೆ ವಾಲುತ್ತದೆ. ಊಹೆಯ ಅಗತ್ಯ ಬೀಳುವುದು ಅಪರೂಪದ ಪದದಲ್ಲಿ. ತರಗತಿಯಲ್ಲಿ 'ಹಫರ' (ಅಗೆದ) ಎಂಬ ಧಾತುವನ್ನು ಮೊದಲ ಸಲ ಕಂಡವನು ಹಫ್ರ್ ಎಂದು ಊಹಿಸಿದರೆ ಸರಿಯೇ. 'ನಝಲ' (ಇಳಿದ) ಎಂಬುದಕ್ಕೆ ನುಝೂಲ್ ಎಂದರೂ ಸರಿ. 'ಬರುದ' (ತಣ್ಣಗಾದ) ಎಂಬುದಕ್ಕೆ ಬುರೂದತ್ ಎಂದರೂ ಸರಿ.

ಇಷ್ಟಕ್ಕೂ ನಮಗೆ ಈ ಆಟ ಹೊಸದಲ್ಲ. ಕನ್ನಡದಲ್ಲಿ ಓಡು ಓಟ, ನೋಡು ನೋಟ, ಕಾಡು ಕಾಟ, ಕೂಡು ಕೂಟ, ಹೋರಾಡು ಹೋರಾಟ. ಆದರೆ ಕೊಡು ಕೊಡುಗೆ, ಉಡು ಉಡುಗೆ, ತೊಡು ತೊಡುಗೆ. ಮೊದಲಿನ ಗುಂಪಿನಲ್ಲಿ 'ಡು' ಮುಂಚೆ ದೀರ್ಘ ಸ್ವರ, ಎರಡನೆಯದರಲ್ಲಿ ಹ್ರಸ್ವ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ಆದರೂ ಹೊಸದೊಂದು 'ಡು' ಧಾತು ಕೊಟ್ಟರೆ ನಾವು ತಡವರಿಸದೆ ಊಹಿಸುತ್ತೇವೆ. ಹಾಗೆಂದು ಬೇಡು ಎಂಬುದು ಬೇಟವಾಗದೆ ಬೇಡಿಕೆಯಾಯಿತು. ಮಾಡು ಎಂಬುದು ನಿಯಮದಂತೆ ಮಾಟವಾಯಿತಾದರೂ ಅರ್ಥ ವಾಮಾಚಾರದ ಕಡೆ ಹೊರಟುಹೋಯಿತು. ಎರಡು ಹೊರತು ಕಂಡಕೂಡಲೇ 'ಕನ್ನಡದ ಭಾವನಾಮಕ್ಕೆ ನಿಯಮವೇ ಇಲ್ಲ' ಎಂದು ಯಾರಾದರೂ ಹೇಳುತ್ತಾರೆಯೇ?

ಮೂರನೆಯ ಆಕ್ಷೇಪ ನನಗೆ ನಿಜಕ್ಕೂ ಯೋಚನೆ ಹಚ್ಚಿದ್ದು. "ಊಹಿಸಿದ ತಪ್ಪು ಬಾಯಿಗೆ ಹತ್ತಿದರೆ ಬಿಡಿಸುವುದು ಕಷ್ಟ. ಅದೂ ತಪ್ಪು ಊಹೆ ಅರ್ಥವಿಲ್ಲದ ಶಬ್ದವಾದರೆ ಪರವಾಗಿಲ್ಲ, ಬೇರೆ ಅರ್ಥದ ಪದವಾದರೆ?" ಎಂದು ತಿರುವನಂತಪುರದ ಒಬ್ಬ ಅಧ್ಯಾಪಕರು ಕೇಳಿದರು. ಉದಾಹರಣೆಗೆ 'ಖತಬ'. ಈ ಒಂದೇ ಧಾತುವಿಗೆ ಉಪದೇಶ ಮಾಡಿದ ಎಂಬ ಅರ್ಥವೂ ಹೆಣ್ಣು ಕೇಳಿದ ಎಂಬ ಅರ್ಥವೂ ಇವೆ. ಉಪದೇಶದ ಮಸ್ದರ್ ಖುತ್ಬ, ಹೆಣ್ಣು ಕೇಳುವುದರದ್ದು ಖಿತ್ಬ. ಶುಕ್ರವಾರ ಪಳ್ಳಿಯಲ್ಲಿ ನಡೆಯುವುದು ಮೊದಲನೆಯದು. ನನ್ನ ದಾರಿಯಂತೆ ಊಹಿಸಿದರೆ ಬರುವುದು ಇವೆರಡೂ ಅಲ್ಲ, 'ಖತ್ಬ್' ಬರುತ್ತದೆ. ಅದಕ್ಕೆ ಸಂಗತಿ, ಗಂಡಾಂತರ ಎಂಬ ಅರ್ಥ. ಮದುವೆ ಪ್ರಸ್ತಾಪ ಎನ್ನಲು ಹೋಗಿ ಗಂಡಾಂತರ ಎಂದರೆ ಹೇಗೆ?

ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಹೊಡೆಯುವುದು ಪರೀಕ್ಷಿಸದೆ ಬಿಟ್ಟ ಊಹೆಯನ್ನು. ನನ್ನ ತರಗತಿಯಲ್ಲಿ ಊಹೆಯನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು, ನಿಘಂಟು ನೋಡಿದ ಮೇಲೆಯೇ ಪೆನ್ನು. ಊಹೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮುಂಚೆಯೇ ತಿಳಿಯುವ ಲಕ್ಷಣವೂ ಒಂದಿದೆ: ಧಾತುವಿಗೆ ಎರಡು ದೂರದ ಅರ್ಥಗಳಿದ್ದರೆ ಅಲ್ಲಿ ಎರಡು ಮಸ್ದರ್‌ಗಳು ಪಾಲು ಹಂಚಿಕೊಂಡಿರುತ್ತವೆ ಎಂದು ಅನುಮಾನಿಸಬೇಕು. 'ರಆ' (ಕಂಡ) ಇದಕ್ಕೆ ಹೆಸರಾದ ಉದಾಹರಣೆ. ಕಣ್ಣಿಂದ ಕಾಣುವುದು ರುಯತ್, ಮನಸ್ಸಿಗೆ ಕಂಡದ್ದು ಅಂದರೆ ಅಭಿಪ್ರಾಯ ರಅ್‌ಯ್, ನಿದ್ದೆಯಲ್ಲಿ ಕಂಡದ್ದು ರುಯಾ. ನಡೆ ಎಂಬ ಒಂದೇ ಧಾತುವನ್ನು ನಾವು ಕಾಲಿಗೆ ನಡಿಗೆ, ಗುಣಕ್ಕೆ ನಡತೆ ಎಂದು ಹಂಚಿಲ್ಲವೇ? ಇಂಥ ಧಾತುಗಳನ್ನು ಊಹೆಯ ಪಟ್ಟಿಯಿಂದ ಹೊರಗಿಟ್ಟರಾಯಿತು.

ಕೆಲವೊಮ್ಮೆ ಈ ಹಂಚಿಕೆಯೇ ನನ್ನ ದಾರಿಗೆ ಸಾಕ್ಷಿ ಹೇಳುತ್ತದೆ. 'ಝರಅ' (ಬಿತ್ತಿದ) ಎಂಬುದನ್ನು ತೆಗೆದುಕೊಳ್ಳಿ. ಸಕರ್ಮಕ, ಹಾಗಾಗಿ ಬಿತ್ತುವ ಕ್ರಿಯೆ ಝರ್‌ಅ್. ಅದೇ ಕಸುಬಾದಾಗ ಝಿರಾಅತ್. 'ದರಸ' (ಓದಿದ) ಎಂಬುದರಿಂದ ದರ್ಸ್ ಎಂದರೆ ಪಾಠ, ದಿರಾಸತ್ ಎಂದರೆ ನಡೆಸಿಕೊಂಡು ಹೋಗುವ ಅಧ್ಯಯನ. 'ಕತಬ' (ಬರೆದ) ಎಂಬುದರ ಮಸ್ದರ್ ಕತ್ಬ್ ಎಂದು ಊಹಿಸಿದ ಹುಡುಗ ನಿಘಂಟಿನಲ್ಲಿ ಅದನ್ನು ಕಾಣುತ್ತಾನೆ, ಆದರೆ ಜನ ಹೇಳುವುದು ಕಿತಾಬತ್. ಬರವಣಿಗೆ ಕಸುಬಾಗಿದ್ದ ಕಾಲದ ಅಚ್ಚು ಅದು. ಇದನ್ನು ಹೊರತು ಎಂದು ಪಟ್ಟಿ ಮಾಡಿದವರು ಮೊದಲ ಪ್ರಶ್ನೆಯನ್ನೇ, ಅಂದರೆ 'ಇದು ಕಸುಬೇ?' ಎಂಬುದನ್ನೇ ಕೇಳಿಲ್ಲ.

ನಾಲ್ಕನೆಯದು, ನಾನು ಕನ್ನಡ ಮಲಯಾಳದ ಕಚೇರಿ ಪದಗಳನ್ನು ಊರುಗೋಲಾಗಿ ಬಳಸುತ್ತೇನೆ ಎಂಬುದರ ಮೇಲೆ. ತಿರುವನಂತಪುರದ ಸೆಕ್ರೆಟೇರಿಯಟ್ ಕಟ್ಟಡವನ್ನು ದಿವಾನ್ ಮಾಧವರಾಯರ ಕಾಲದಲ್ಲಿ ಕಟ್ಟಿಸಿ 1869ರಲ್ಲಿ ಮುಗಿಸಿದರು. ತಿರುವಿತಾಂಕೂರಿನವರು ಅದನ್ನು ಹಜೂರ್ ಕಚೇರಿ ಎಂದು ಕರೆಯುತ್ತಿದ್ದರು. ನಮ್ಮಲ್ಲೂ ಹುಜೂರು ಕಚೇರಿ ಎಂಬ ಮಾತಿತ್ತು. ಈ ಹುಜೂರು ಎಂದರೆ 'ಹದರ' (ಹಾಜರಾದ) ಎಂಬ ಧಾತುವಿನ ಮಸ್ದರ್ ಹುದೂರ್, ಖುರೂಜ್ ಅಚ್ಚಿನದೇ. ವಸೂಲು ಎಂಬುದು 'ವಸಲ' (ತಲುಪಿದ) ಎಂಬುದರ ವುಸೂಲ್. ಫರಕು ಫತ್ಹ್ ಅಚ್ಚು, ಜಪ್ತಿಯ ಹಿಂದಿರುವ ದಬ್ತ್ ಕೂಡ ಅದೇ. ಪರಾರಿಯ ಹಿಂದೆ ಫಿರಾರ್ ಇದೆ, ಓಡಿಹೋಗುವ, ಒಲ್ಲೆನೆನ್ನುವ ಧಾತುಗಳಿಗೆ ಅರಬಿಯಲ್ಲಿ ಮೀಸಲಾದ ಅಚ್ಚು ಅದು. ಮದರಸಕ್ಕೆ ಹೋದ ಮಕ್ಕಳಿಗಂತೂ ರುಕೂಅ್, ಸುಜೂದ್, ಖುಊದ್ ಎಂಬ ನಮಾಝಿನ ಭಂಗಿಗಳೆಲ್ಲ ಬಾಯಿಪಾಠ. ಬಾಗುವುದು, ಮಣಿಯುವುದು, ಕೂರುವುದು, ಎಲ್ಲವೂ ಅಕರ್ಮಕ, ಎಲ್ಲಕ್ಕೂ ಒಂದೇ ಅಚ್ಚು. ನಸ್ರ್ ಎಂಬ ಪುಟ್ಟ ಸೂರದ ಮೊದಲ ವಾಕ್ಯದಲ್ಲೇ ನಸ್ರ್, ಫತ್ಹ್ ಎಂಬ ಎರಡು ಸಕರ್ಮಕ ಮಸ್ದರ್‌ಗಳು ಒಟ್ಟಿಗೆ ಕೂತಿವೆ.

"ಈ ಪದಗಳು ಪಾರಸಿ, ಉರ್ದು ದಾಟಿ ಸವೆದು ಬಂದವು. ಅರ್ಥವೂ ಬದಲಾಗಿದೆ, ಸ್ವರವೂ ಬದಲಾಗಿದೆ. ಇವನ್ನು ನಂಬಿ ಅರಬಿ ಕಲಿತರೆ ದಾರಿ ತಪ್ಪುತ್ತಾರೆ" ಎಂಬುದು ಆಕ್ಷೇಪ. ಅರ್ಥ ಬದಲಾಗಿದೆ ನಿಜ, ಅರಬಿಯಲ್ಲಿ ವುಸೂಲ್ ಎಂದರೆ ತಲುಪುವುದು, ನಮ್ಮ ವಸೂಲಿಗೂ ಅದಕ್ಕೂ ನಡುವೆ ಒಬ್ಬ ಶ್ಯಾನುಭೋಗನೇ ಕೂತಿದ್ದಾನೆ. ನಾನು ಅರ್ಥಕ್ಕಾಗಿ ಈ ಪದಗಳನ್ನು ತರುವುದಿಲ್ಲ, ಆಕಾರಕ್ಕಾಗಿ ತರುತ್ತೇನೆ. ಆಕಾರದಲ್ಲೂ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಹೇಳಿಯೇ ತರುತ್ತೇನೆ. ಮೊದಲಕ್ಷರದ ಹ್ರಸ್ವ ಸ್ವರ ಸವೆಯುವಂಥದ್ದು: ಫಿರಾರ್ ಎಂಬುದು ಪರಾರಿಯಾಯಿತು, ಹಿಜಾಮತ್ ಎಂಬುದು ಹಜಾಮತಿಯಾಯಿತು. ನಡುವಿನ ದೀರ್ಘ ಸ್ವರವೂ ಬಾಲದ 'ತ್' ಕೂಡ ಗಟ್ಟಿ, ಅವು ಬಹುತೇಕ ಉಳಿದು ಬರುತ್ತವೆ. ಹಜಾಮತಿಯಲ್ಲಿ ಕಸುಬಿನ ಅಚ್ಚನ್ನು ಗುರುತಿಸಲು ಅಷ್ಟು ಸಾಕು. ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಕತ್ತಲ ರಾತ್ರಿ ಎನ್ನುತ್ತಾರಲ್ಲ, ಅಲ್ಲಿ ಕತ್ಲ್ (ಕೊಲೆ) ಎಂಬ ಫತ್ಹ್ ಅಚ್ಚಿನ ಮಸ್ದರ್ ನಮ್ಮ ಕತ್ತಲೆಯೊಳಗೆ ಕರಗಿಹೋಗಿದೆ. ಇಂಥ ಕಡೆ ಊರುಗೋಲು ಜಾರುತ್ತದೆ, ಒಪ್ಪುತ್ತೇನೆ.

ಐದನೆಯ ಆಕ್ಷೇಪ ಕೊಚ್ಚಿಯದ್ದು. "ನರ್ಸುಗಳಿಗೆ ಬೇಕಾದದ್ದು ರೋಗಿಯ ಜತೆ ನಾಲ್ಕು ಮಾತು. ಅವರ ತಲೆಗೆ ಮಸ್ದರ್ ಯಾಕೆ ತುರುಕುತ್ತೀರಿ?" ಎನ್ನುತ್ತಾರೆ ಮಾತಾಡುವ ಅರಬಿಯನ್ನಷ್ಟೇ ಕಲಿಸುವವರು. ಮಸ್ದರಿನ ಅಚ್ಚಿನಿಂದ ಅತಿ ಹೆಚ್ಚು ಪ್ರಯೋಜನ ಪಡೆದದ್ದು ಆ ನರ್ಸುಗಳೇ ಎಂಬುದು ನನ್ನ ಅನುಭವ. ಆಸ್ಪತ್ರೆಯ ಪದಗಳಲ್ಲಿ ಎರಡು ಅಚ್ಚುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಝುಕಾಮ್ ಅಚ್ಚು, ಅದರಲ್ಲಿ ಕೆಮ್ಮು, ನೆಗಡಿ, ತಲೆನೋವು, ತಲೆಸುತ್ತು (ದುವಾರ್) ಎಲ್ಲ ಬರುತ್ತವೆ. ಇನ್ನೊಂದು ಗಲಯಾನ್ ಅಚ್ಚು. ಹೊಟ್ಟೆ ತೊಳೆಸುವುದು ಗಸಯಾನ್, ಎದೆ ಬಡಿದುಕೊಳ್ಳುವುದು ಖಫಖಾನ್. ಎರಡೂ ರೋಗಲಕ್ಷಣಗಳೇ ಆದರೂ ಇವು ಝುಕಾಮ್ ಅಚ್ಚಿಗೆ ಹೋಗಲಿಲ್ಲ ಯಾಕೆಂದರೆ ಒಳಗೆ ಏನೋ ಅಲ್ಲಾಡುವ, ಮಗುಚುವ ಅರ್ಥ ಮೇಲುಗೈ ಪಡೆದಿದೆ. ಈ ಒಂದು ಮಾತು ಹೇಳಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ನಿಘಂಟು ಇಲ್ಲದೆ ಗಸಯಾನನ್ನು ಹೊಟ್ಟೆಯ ಸಂಕಟ ಎಂದು ಸರಿಯಾಗಿ ಬಿಡಿಸಿದಳು. ಧಾತುವೂ ಅವಳಿಗೆ ಹೊಸದು, ಅಚ್ಚು ಮಾತ್ರ ಗೊತ್ತಿತ್ತು, ಜತೆಗೆ ವಾಕ್ಯದಲ್ಲಿ ಹೊಟ್ಟೆ ಎಂಬ ಪದವಿತ್ತು.

ಇಲ್ಲೂ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಜ್ವರ ಹುಮ್ಮಾ, ಅದು ಈ ಅಚ್ಚಿನದಲ್ಲ. ಭೇದಿ ಇಸ್ಹಾಲ್, ಅದು ಮೂರಕ್ಷರದ ಬರಿಯ ಧಾತುವಿನದೇ ಅಲ್ಲ. ಗಲ್ಫಿನ ಮನೆಮಾತಿನಲ್ಲಿ ಕೆಮ್ಮಿಗೆ ಕಹ್ಹ ಎನ್ನುತ್ತಾರೆ, ಸುಆಲ್ ಬರುವುದು ವರದಿಯಲ್ಲಿ, ಔಷಧಿಯ ಡಬ್ಬಿಯ ಮೇಲೆ. ಆದರೆ ನರ್ಸು ಓದಬೇಕಾದದ್ದೂ ಅವನ್ನೇ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸುಆಲ್ ಎಂಬುದನ್ನು ಗಂಟಲಿನಾಳದ ಐನ್ ಹಾಕಿ ಹೇಳಿದರೆ ಕೆಮ್ಮು, ಬರಿಯ ಹಮ್ಝಾ ಹಾಕಿ ಹೇಳಿದರೆ ಪ್ರಶ್ನೆ, ನಮ್ಮ ಸವಾಲು. ಅಚ್ಚು ಎರಡಕ್ಕೂ ಒಂದೇ. 'ನಿಮಗೆ ಸುಆಲ್ ಇದೆಯೇ' ಎಂದು ತಪ್ಪು ಗಂಟಲಿನಲ್ಲಿ ಕೇಳಿದರೆ ರೋಗಿ ಇಲ್ಲ ಎಂದು ತಲೆಯಾಡಿಸಿ, ಮರುಕ್ಷಣವೇ ಕೆಮ್ಮಬಹುದು.

ಪುಸ್ತಕಗಳಲ್ಲಿ ಸ್ವರಚಿಹ್ನೆಯೇ ಇರುವುದಿಲ್ಲ, ನಡುವಿನ ಸ್ವರ ನೋಡಿ ಊಹಿಸು ಎನ್ನುವುದು ಹೇಗೆ ಎಂಬ ಚಿಕ್ಕ ಆಕ್ಷೇಪವೂ ಇದೆ. ಅದಕ್ಕೆ ಉತ್ತರವೂ ಚಿಕ್ಕದು. ಧಾತುವನ್ನು ಕಲಿಸುವಾಗಲೇ ಫರಿಹ, ಸಹುಲ, ಖರಜ ಎಂದು ಸ್ವರ ಸಮೇತ ಬಾಯಿಪಾಠ ಮಾಡಿಸಬೇಕು. ಮೂರು ವ್ಯಂಜನ ಮಾತ್ರ ಕಲಿತವನಿಗೆ ಮಸ್ದರಷ್ಟೇ ಅಲ್ಲ, ವರ್ತಮಾನ ರೂಪವೂ ದಕ್ಕುವುದಿಲ್ಲ.

ಕೊನೆಯದಾಗಿ ಈಗಿನ ಹುಡುಗರ ಮಾತು: "ನಿಘಂಟು ಫೋನಿನಲ್ಲೇ ಇದೆ ಮಾಷ್, ಊಹಿಸುವುದು ಯಾಕೆ?" ನಿಘಂಟು ಬೇಡ ಎಂದು ನಾನು ಹೇಳಿಲ್ಲ, ಪೆನ್ಸಿಲಿನ ಊಹೆಗೆ ಪೆನ್ನಿನ ಮುದ್ರೆ ಒತ್ತುವುದೇ ಅದು. ಆದರೆ ಹಾನ್ಸ್ ವೇರ್ ನಿಘಂಟನ್ನೇ ತೆಗೆದು 'ಜರಾ' ಎಂಬ ಧಾತುವನ್ನು ನೋಡಿದವನಿಗೆ ಅಲ್ಲಿ ಮಸ್ದರ್ ಒಂದೇ ಸಿಗುವುದಿಲ್ಲ. ಅನುವಾದಕ್ಕೆ ಕೊಟ್ಟ ವಾಕ್ಯದಲ್ಲಿ ಇರುವುದು ಪೆರಿಯಾರ್ ನದಿಯ ನೀರಿನ ಹರಿವು. ಜರ್ಯ್ ಬರೆಯಬೇಕೇ, ಜರಯಾನ್ ಬರೆಯಬೇಕೇ? ನಿಘಂಟು ಎರಡನ್ನೂ ಕೊಟ್ಟು ಸುಮ್ಮನಾಗುತ್ತದೆ. ಗಲಯಾನ್ ಅಚ್ಚು ಯಾವುದಕ್ಕೆ ಎಂದು ತಿಳಿದವನು ಹುಡುಗರ ಓಟಕ್ಕೆ ಜರ್ಯ್ ಉಳಿಸಿ, ನದಿಗೆ ಜರಯಾನ್ ಬರೆಯುತ್ತಾನೆ.